ಒಂದೇ ಸುದ್ದಿ, ಎರಡೂ ಕಡೆಯವರಿಗೆ ಸಿಟ್ಟು ಯಾಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಅಪ್ಪ ಒಂದು ಪಕ್ಷ, ಸೋದರಮಾವ ಇನ್ನೊಂದು ಪಕ್ಷ. ರಾತ್ರಿ ಇಬ್ಬರೂ ಒಟ್ಟಿಗೆ ಕೂತು ಒಂದೇ ಚಾನೆಲ್ ನೋಡ್ತಾರೆ. ಸುದ್ದಿ ಮುಗಿದ ತಕ್ಷಣ ಅಪ್ಪ "ಇವರು ನಿಮ್ಮವರಿಗೆ ಮಾರಿಕೊಂಡಿದ್ದಾರೆ" ಅಂತಾರೆ. ಮಾವ "ನಿಮ್ಮವರಿಗೆ" ಅಂತಾರೆ. ಇಬ್ಬರೂ ಓದಿಕೊಂಡವರು, ರಾಜಕೀಯ ಚೆನ್ನಾಗಿ ಗೊತ್ತಿರುವವರು. ಯಾರಾದರೂ ಒಬ್ಬರು ಸುಮ್ನೆ ವಾದಕ್ಕೆ ಹೇಳ್ತಿದ್ದಾರಾ, ಅಥವಾ ನಿಜಕ್ಕೂ ಹಾಗೆ ಕಾಣುತ್ತಾ? ಚಾನೆಲ್ ಸರಿ ಇದೆಯೋ ಇಲ್ಲವೋ ತಿಳಿಯೋದು ಹೇಗೆ?

ಉತ್ತರ: ಇಬ್ಬರಿಗೂ ನಿಜಕ್ಕೂ ಹಾಗೇ ಕಾಣುತ್ತಿರಬೇಕು. ರಾಜಕೀಯ ಚೆನ್ನಾಗಿ ಗೊತ್ತಿರುವವರು ಅಂದಿರಲ್ಲ, ಅದರಿಂದ ಈ ತೊಂದರೆ ಕಡಿಮೆಯಾಗುವುದಿಲ್ಲ, ಜಾಸ್ತಿಯೇ ಆಗುತ್ತದೆ. ಮಾಧ್ಯಮ ನಮ್ಮ ವಿರುದ್ಧವೇ ಇದೆ ಎಂದು ಎರಡೂ ಕಡೆಯವರಿಗೆ ಕಾಣುವ ಇದನ್ನು ಮನಶ್ಶಾಸ್ತ್ರಜ್ಞರು ಹಾಸ್ಟೈಲ್ ಮೀಡಿಯಾ ಎಫೆಕ್ಟ್ ಎಂದು ಕರೆಯುತ್ತಾರೆ. ಇದನ್ನು ಮೊದಲು ಹಿಡಿದು ತೋರಿಸಿದ ಪ್ರಯೋಗವನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಪ್ರಶ್ನೆಯ ಎರಡೂ ಭಾಗಕ್ಕೆ ಉತ್ತರ ಅದರೊಳಗೇ ಇದೆ.

1982ರ ಸೆಪ್ಟೆಂಬರ್. ಲೆಬನಾನ್‌ನಲ್ಲಿ ಯುದ್ಧ ನಡೆಯುತ್ತಿತ್ತು, ಇಸ್ರೇಲ್ ಸೇನೆ ಬೈರೂತ್ ನಗರದೊಳಗೆ ಬಂದಿತ್ತು. ಅಲ್ಲಿ ಸಬ್ರಾ ಮತ್ತು ಶಟೀಲಾ ಎಂಬ ಕಡೆ ಪ್ಯಾಲೆಸ್ತೀನಿ ನಿರಾಶ್ರಿತರು ಇದ್ದರು. 16ರಿಂದ 18ರವರೆಗೆ ಫಲಾಂಜಿಸ್ಟರು ಎಂಬ ಲೆಬನಾನಿನ ಕ್ರೈಸ್ತ ಸಶಸ್ತ್ರ ಗುಂಪಿನವರು ಅಲ್ಲಿಗೆ ನುಗ್ಗಿ ಹೆಂಗಸರು ಮಕ್ಕಳು ಎನ್ನದೆ ಜನರನ್ನು ಕೊಂದರು. ಆ ಪ್ರದೇಶವನ್ನು ಸುತ್ತುವರಿದು ನಿಂತಿದ್ದದ್ದು ಇಸ್ರೇಲ್ ಸೇನೆ. ಕೊಂದವರು ಯಾರು ಎಂಬುದರಲ್ಲಿ ದೊಡ್ಡ ಜಗಳ ಇರಲಿಲ್ಲ. ಇಸ್ರೇಲ್‌ನ ಹೊಣೆ ಎಷ್ಟು ಎಂಬುದರ ಮೇಲೆ ಜಗತ್ತಿನಾದ್ಯಂತ ಜಗಳ ಎದ್ದಿತು. ಅಮೆರಿಕದ ಟಿವಿ ಚಾನೆಲ್‌ಗಳು ದಿನವೂ ಅದನ್ನೇ ತೋರಿಸಿದವು. ಇಸ್ರೇಲ್ ಪರ ಇರುವವರು ಆ ಚಾನೆಲ್‌ಗಳನ್ನು ಬೈದರು. ಅರಬರ ಪರ ಇರುವವರೂ ಬೈದರು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ವಲೋನ್, ಲೀ ರಾಸ್ ಮತ್ತು ಮಾರ್ಕ್ ಲೆಪ್ಪರ್ ಇದನ್ನು ಪ್ರಯೋಗಕ್ಕೆ ತಂದರು. ನಿಜವಾಗಿ ಪ್ರಸಾರವಾಗಿದ್ದ ಸುದ್ದಿಗಳಿಂದಲೇ ಆರು ತುಣುಕು ಆರಿಸಿಕೊಂಡರು. 144 ವಿದ್ಯಾರ್ಥಿಗಳಿಗೆ ಅದನ್ನೇ ತೋರಿಸಿದರು. ಅವರಲ್ಲಿ 68 ಜನ ಇಸ್ರೇಲ್ ಪರ, 27 ಜನ ಅರಬರ ಪರ, ಉಳಿದ 49 ಜನ ಯಾವ ಕಡೆಗೂ ಗಟ್ಟಿಯಾಗಿ ನಿಲ್ಲದವರು. ಆಮೇಲೆ ಒಂದರಿಂದ ಒಂಬತ್ತರವರೆಗಿನ ಅಳತೆ ಕೊಟ್ಟು, ಈ ಸುದ್ದಿ ಇಸ್ರೇಲನ್ನು ಹೇಗೆ ನಡೆಸಿಕೊಂಡಿದೆ ಎಂದು ಕೇಳಿದರು. ಒಂದು ಅಂದರೆ ಪೂರ್ತಿ ವಿರುದ್ಧ, ಒಂಬತ್ತು ಅಂದರೆ ಪೂರ್ತಿ ಪರ, ಐದು ನಟ್ಟನಡುವೆ.

ಇಸ್ರೇಲ್ ಪರದವರ ಸರಾಸರಿ 2.9 ಬಂತು. ಅರಬರ ಪರದವರದು 6.7. ಒಬ್ಬರ ಪ್ರಕಾರ ಸುದ್ದಿ ಇಸ್ರೇಲ್ ವಿರುದ್ಧ ವಾಲಿತ್ತು, ಇನ್ನೊಬ್ಬರ ಪ್ರಕಾರ ಇಸ್ರೇಲ್ ಕಡೆಗೆ. 1985ರಲ್ಲಿ ಇದು ಪ್ರಕಟವಾಯಿತು.

ಇಷ್ಟೇ ಆಗಿದ್ದರೆ "ಅಭಿಪ್ರಾಯ ಬೇರೆ, ಅಷ್ಟೇ" ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅವರು ಇನ್ನೊಂದು ಪ್ರಶ್ನೆ ಕೇಳಿದ್ದರು: ಸುದ್ದಿಯಲ್ಲಿ ಇಸ್ರೇಲ್ ಬಗ್ಗೆ ಬಂದ ಮಾತುಗಳಲ್ಲಿ ನೂರಕ್ಕೆ ಎಷ್ಟು ಪರ, ಎಷ್ಟು ವಿರುದ್ಧ? ಅರಬರ ಪರದವರು 42 ಪರ, 26 ವಿರುದ್ಧ ಎಂದರು. ಇಸ್ರೇಲ್ ಪರದವರು 16 ಪರ, 57 ವಿರುದ್ಧ ಎಂದರು. ಒಂದೇ ಟೇಪ್, ಒಂದೇ ಮಾತುಗಳು. ಇಬ್ಬರೂ ತಾವು ಕಂಡ ಲೆಕ್ಕವನ್ನೇ ಹೇಳುತ್ತಿದ್ದಾರೆ. ನಿಮ್ಮ ಅಪ್ಪ, ಮಾವ ವಾದಕ್ಕೆ ಹೇಳುತ್ತಿಲ್ಲ ಎಂದು ನಾನು ಹೇಳುವುದಕ್ಕೆ ಇದೇ ಆಧಾರ. ಜಗಳ ತೀರ್ಪಿನ ಹಂತದಲ್ಲಿ ಹುಟ್ಟುವುದಿಲ್ಲ. ಅದಕ್ಕೂ ಮೊದಲು, ಒಂದೊಂದು ವಾಕ್ಯ ಕಿವಿಗೆ ಬೀಳುವಾಗಲೇ ಹುಟ್ಟಿಬಿಟ್ಟಿರುತ್ತದೆ.

ಆ ಪ್ರಯೋಗದಲ್ಲಿ ವಿಷಯ ಜಾಸ್ತಿ ತಿಳಿದಿದ್ದ ಬೆಂಬಲಿಗರು ಜಾಸ್ತಿ ಪಕ್ಷಪಾತ ಕಂಡರು. ಯೋಚಿಸಿದರೆ ಇದು ಸಹಜವೇ. ಎರಡು ನಿಮಿಷದ ಸುದ್ದಿಯಲ್ಲಿ ಎಷ್ಟು ಹಿಡಿಯುತ್ತದೆ? ವಿಷಯ ಗೊತ್ತಿಲ್ಲದವನಿಗೆ ಬಿಟ್ಟುಹೋದದ್ದು ಕಾಣುವುದೇ ಇಲ್ಲ. ಹತ್ತು ವರ್ಷದಿಂದ ಒಂದು ವಿಷಯದ ಬೆನ್ನು ಹತ್ತಿದವನಿಗೆ ಪ್ರತಿ ವಾಕ್ಯದ ಪಕ್ಕದಲ್ಲೂ "ಅದನ್ನು ಯಾಕೆ ಹೇಳಲಿಲ್ಲ?" ಎಂಬ ಪ್ರಶ್ನೆ ಏಳುತ್ತದೆ. ಅವನಿಗೆ ಗೊತ್ತಿರುವ ಸಂಗತಿಗಳಲ್ಲಿ ಮುಕ್ಕಾಲು ಪಾಲು ಅವನ ಕಡೆಯವೇ ಆಗಿರುವುದರಿಂದ, ಬಿಟ್ಟುಹೋದದ್ದೆಲ್ಲ ಅವನ ಕಡೆಯದೇ ಅನ್ನಿಸುತ್ತದೆ.

ಇಲ್ಲೊಂದು ಒಗಟು ಇದೆ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾಗುವ ಭಾಗವೂ ಇದೇ. ಇದೇ ರಾಸ್ ಮತ್ತು ಲೆಪ್ಪರ್, ಚಾರ್ಲ್ಸ್ ಲಾರ್ಡ್ ಜೊತೆ ಸೇರಿ 1979ರಲ್ಲಿ ಮರಣದಂಡನೆ ಬಗ್ಗೆ ಒಂದು ಪ್ರಯೋಗ ಮಾಡಿದ್ದರು. ಮರಣದಂಡನೆ ಬೇಕು ಎನ್ನುವವರಿಗೂ ಬೇಡ ಎನ್ನುವವರಿಗೂ ಒಂದೇ ಜೋಡಿ ಅಧ್ಯಯನಗಳನ್ನು ಓದಿಸಿದರು. ಒಂದು ಪರ, ಒಂದು ವಿರುದ್ಧ. ಎರಡೂ ಗುಂಪಿನವರು ತಮಗೆ ಬೇಕಾದ ಅಧ್ಯಯನ ಗಟ್ಟಿ, ಇನ್ನೊಂದು ಟೊಳ್ಳು ಎಂದರು. ಕೊನೆಗೆ ತಮ್ಮ ನಿಲುವು ಇನ್ನಷ್ಟು ಬಲವಾಯಿತು ಎಂದು ಎದ್ದುಹೋದರು. ಅಂದರೆ ಮಿಶ್ರ ಸಾಕ್ಷ್ಯ ಕೊಟ್ಟರೆ ಜನ ಅದನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಹಾಗಿದ್ದರೆ ಮಿಶ್ರ ಸುದ್ದಿ ನೋಡಿದಾಗಲೂ "ನೋಡಿ, ಚಾನೆಲ್‌ನವರೂ ನಮ್ಮ ಮಾತನ್ನೇ ಹೇಳ್ತಿದ್ದಾರೆ" ಎಂದು ಖುಷಿಪಡಬೇಕಿತ್ತು, ಅಲ್ವಾ? ಆಗುವುದು ಅದರ ತಿರುಗುಮುರುಗು. ಯಾಕೆ?

ಇದಕ್ಕೆ ಒಳ್ಳೆಯ ಉತ್ತರ ಬರಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆಲ್ಬರ್ಟ್ ಗುಂಥರ್ ಮತ್ತು ಕ್ಯಾಥ್ಲೀನ್ ಶ್ಮಿಟ್ ಕುಲಾಂತರಿ ಆಹಾರದ ವಿವಾದ ತೆಗೆದುಕೊಂಡರು. ಪರ ಇರುವವರು ಮತ್ತು ವಿರೋಧಿಸುವವರು, ಎರಡೂ ಕಡೆಯ ಕಟ್ಟಾ ಜನರನ್ನು ಹುಡುಕಿದರು. ಎರಡೂ ವಾದ ಸಮನಾಗಿ ಇರುವ ಒಂದು ಬರಹ ತಯಾರಿಸಿದರು. ಅದನ್ನು ಕೆಲವರಿಗೆ ಪತ್ರಿಕೆಯ ವರದಿ ಎಂದು ಕೊಟ್ಟರು. ಉಳಿದವರಿಗೆ ಕಾಲೇಜು ವಿದ್ಯಾರ್ಥಿಯೊಬ್ಬರ ಪ್ರಬಂಧ ಎಂದು ಕೊಟ್ಟರು. ಒಳಗಿನ ಮಾಹಿತಿ ಅದೇ.

ಪತ್ರಿಕೆಯ ವರದಿ ಎಂದು ಓದಿದವರಲ್ಲಿ ಎರಡೂ ಕಡೆಯವರು "ಇದು ನಮ್ಮ ವಿರುದ್ಧ ಇದೆ" ಎಂದರು. ವಿದ್ಯಾರ್ಥಿಯ ಪ್ರಬಂಧ ಎಂದು ಓದಿದವರಲ್ಲಿ ಆ ದೂರು ಮಾಯವಾಯಿತು. 2004ರಲ್ಲಿ ಬಂದ ಈ ಫಲಿತಾಂಶ ಒಗಟನ್ನು ಬಿಡಿಸಿತು. ವಿದ್ಯಾರ್ಥಿಯ ಪ್ರಬಂಧವನ್ನು ಓದುವವರು ಮೇಷ್ಟ್ರು ಮಾತ್ರ. ಅದನ್ನು ಓದುವಾಗ ನಾನು "ಇದರಲ್ಲಿ ನನಗೇನಿದೆ?" ಎಂದು ನೋಡುತ್ತೇನೆ. ಪತ್ರಿಕೆಯನ್ನು ಸಾವಿರಾರು ಜನ ಓದುತ್ತಾರೆ. ಅದನ್ನು ಓದುವಾಗ ನನ್ನ ಗಮನ ಬೇರೆ ಕಡೆ ಹೋಗುತ್ತದೆ: "ಅಯ್ಯೋ, ಇದನ್ನು ಓದಿದ ಜನ ಏನಂದುಕೊಳ್ಳುತ್ತಾರೆ?"

ಈ ಭಯಕ್ಕೆ ಇನ್ನೊಂದು ಎಳೆ ಇದೆ. ನಮ್ಮಲ್ಲಿ ಬಹಳಷ್ಟು ಜನ, ಸುದ್ದಿ ನನ್ನನ್ನು ಅಲುಗಿಸುವುದಿಲ್ಲ, ಆದರೆ ಬೇರೆಯವರು ಸುಲಭವಾಗಿ ಬಲಿಬೀಳುತ್ತಾರೆ ಎಂದು ನಂಬುತ್ತೇವೆ. 1985ರ ಪ್ರಯೋಗದಲ್ಲೂ ಇದು ಕಂಡಿತ್ತು. ಯಾವ ಕಡೆಗೂ ಸೇರದ ವೀಕ್ಷಕರು ಈ ಸುದ್ದಿ ನೋಡಿದರೆ ತಮ್ಮ ಕಡೆಯಿಂದ ದೂರ ಹೋಗುತ್ತಾರೆ ಎಂದು ಎರಡೂ ಗುಂಪಿನವರು ಅಂದುಕೊಂಡಿದ್ದರು. ಆದ್ದರಿಂದ ನಿಮ್ಮ ಅಪ್ಪ ಟಿವಿ ನೋಡುವಾಗ ತಮಗಾಗಿ ಮಾತ್ರ ನೋಡುತ್ತಿಲ್ಲ. ಊರವರ ಪರವಾಗಿ, ಆತಂಕದಲ್ಲಿ ನೋಡುತ್ತಿದ್ದಾರೆ. ಮಾವನದೂ ಅದೇ ಕತೆ.

ಆ ಆತಂಕ ಒಂದು ವಾಕ್ಯಕ್ಕೆ ಏನು ಮಾಡುತ್ತದೆ? ಗುಂಥರ್, ಶ್ಮಿಟ್ ಮತ್ತು ಅವರ ಜೊತೆಗಾರರು ಮೂರು ಸಾಧ್ಯತೆಗಳನ್ನು ಪರೀಕ್ಷಿಸಿದ್ದರು. ಮೊದಲನೆಯದು ನೆನಪು: ನಮಗೆ ನೋವಾದ ಮಾತುಗಳೇ ತಲೆಯಲ್ಲಿ ಉಳಿಯುತ್ತವೆ. ಎರಡನೆಯದು ಅಳತೆಗೋಲು: ಎದುರಿನವರ ವಾದವೇ ಸುಳ್ಳು ಎಂದು ನಂಬಿದವನಿಗೆ, ಅದಕ್ಕೆ ಅರ್ಧ ಜಾಗ ಕೊಟ್ಟದ್ದೇ ಅನ್ಯಾಯ. ಮೂರನೆಯದು ವಿಂಗಡಣೆ: ಒಂದೇ ವಾಕ್ಯವನ್ನು ಇಬ್ಬರೂ ಕೇಳುತ್ತಾರೆ, ನೆನಪೂ ಇಟ್ಟುಕೊಳ್ಳುತ್ತಾರೆ, ಆದರೆ ಇಬ್ಬರೂ ಅದನ್ನು ಎದುರಿನವರ ಖಾತೆಗೆ ಹಾಕುತ್ತಾರೆ. ಅವರ ಪ್ರಯೋಗದಲ್ಲಿ ಈ ಮೂರನೆಯದೇ ಫಲಿತಾಂಶಕ್ಕೆ ಸರಿಯಾಗಿ ಹೊಂದಿತು. ನೆನಪಿನಿಂದ ವಿವರಿಸಲು ಆಗಲಿಲ್ಲ. ಅಳತೆಗೋಲಿನ ವಾದ ಕೇಳಲು ಎಷ್ಟೇ ಸರಿ ಎನ್ನಿಸಿದರೂ ಪತ್ರಿಕೆಗೂ ಪ್ರಬಂಧಕ್ಕೂ ಇದ್ದ ವ್ಯತ್ಯಾಸವನ್ನು ವಿವರಿಸಲಿಲ್ಲ.

ವಿಂಗಡಣೆ ಹೇಗೆ ನಡೆಯುತ್ತದೆ ಎಂದು ಬೈರೂತ್ ಉದಾಹರಣೆಯಲ್ಲೇ ನೋಡೋಣ. ಈ ವಾಕ್ಯ ನಾನೇ ಬರೆದದ್ದು, ಆ ಟೇಪಿನದಲ್ಲ: "ಇಸ್ರೇಲ್ ಸೇನೆ ಹೊರಗೆ ಸುತ್ತುವರಿದು ನಿಂತಿದ್ದಾಗ ಫಲಾಂಜಿಸ್ಟರು ಒಳಗೆ ಹೋಗಿ ಕೊಂದರು." ಸಂಗತಿಯ ಮಟ್ಟಿಗೆ ಇದರಲ್ಲಿ ತಪ್ಪಿಲ್ಲ. ಇಸ್ರೇಲ್ ಪರದವನು ಕೇಳಿಸಿಕೊಳ್ಳುವುದು ಹೀಗೆ: "ಕೊಂದವರು ಬೇರೆಯವರು. ಆದರೂ ವಾಕ್ಯ ಶುರುವಾಗುವುದೇ ನಮ್ಮ ಹೆಸರಿನಿಂದ. ಕೇಳಿದವರ ತಲೆಯಲ್ಲಿ ಮೊದಲು ಕೂರುವುದು ಇಸ್ರೇಲ್." ಅರಬರ ಪರದವನು ಕೇಳಿಸಿಕೊಳ್ಳುವುದು: "ಸುತ್ತುವರಿದು ನಿಂತಿತ್ತು ಅಂತೆ, ಅಷ್ಟೇನಾ? ಒಳಗೆ ಬಿಟ್ಟವರು ಯಾರು? ಕೊಂದವರು ಫಲಾಂಜಿಸ್ಟರು ಎಂದು ಹೇಳಿ ಸೇನೆಯನ್ನು ಪಾರು ಮಾಡಿದರು." ಈಗ ಲೆಕ್ಕ ಹಾಕಲು ಹೇಳಿ. ಮೊದಲನೆಯವನು ಇದನ್ನು "ಇಸ್ರೇಲ್ ವಿರುದ್ಧ" ಕಡೆಗೆ ಬರೆಯುತ್ತಾನೆ, ಎರಡನೆಯವನು "ಇಸ್ರೇಲ್ ಪರ" ಕಡೆಗೆ. ಇಂಥ ಮೂವತ್ತು ವಾಕ್ಯ ಆದರೆ 42ಕ್ಕೂ 16ಕ್ಕೂ ನಡುವಿನ ಕಂದಕ ತಾನಾಗಿಯೇ ಬಿದ್ದುಬಿಡುತ್ತದೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ, ಯಾರೂ ಏನನ್ನೂ ಮರೆಯಬೇಕಾಗಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ, ಚಾನೆಲ್ ಸರಿ ಇದೆಯೋ ಇಲ್ಲವೋ ಎಂಬುದು. ಇಲ್ಲಿ ಒಂದು ತಪ್ಪು ತೀರ್ಮಾನ ಬಹಳ ಸುಲಭವಾಗಿ ಬಂದುಬಿಡುತ್ತದೆ. ಪತ್ರಕರ್ತರು ಅದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ: "ಎರಡೂ ಕಡೆಯವರು ನಮ್ಮನ್ನು ಬೈತಾರೆ, ಅಂದರೆ ನಾವು ಸರಿಯಾಗಿ ಮಧ್ಯದಲ್ಲಿದ್ದೇವೆ." ಈ ಮಾತು ನಿಲ್ಲುವುದಿಲ್ಲ. ಸ್ಟ್ಯಾನ್‌ಫರ್ಡ್ ಪ್ರಯೋಗದ ಮೂರನೇ ಗುಂಪನ್ನು ನೆನಪಿಸಿಕೊಳ್ಳಿ, ಯಾವ ಕಡೆಗೂ ನಿಲ್ಲದ 49 ಜನ. ಅವರ ಸರಾಸರಿ ಎಷ್ಟಿತ್ತು ಗೊತ್ತಾ? ನಟ್ಟನಡುವಿನ ಐದಲ್ಲ, 3.8. ಅಂದರೆ ಅವರಿಗೂ ಆ ಸುದ್ದಿ ಇಸ್ರೇಲ್ ವಿರುದ್ಧ ಸ್ವಲ್ಪ ವಾಲಿದಂತೆ ಕಂಡಿತ್ತು. ಆ ಘಟನೆ ಎಂಥದ್ದು ಎಂದು ನೋಡಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಕೆಟ್ಟ ಕೆಲಸದಲ್ಲಿ ಒಂದು ಕಡೆಯವರ ಹೆಸರಿದ್ದರೆ ಸುದ್ದಿ ಅವರಿಗೆ ಕಹಿಯಾಗಿಯೇ ಇರುತ್ತದೆ. ಆ ಹತ್ಯೆಗಳು ನಡೆದ ಮುಂದಿನ ವರ್ಷ ಇಸ್ರೇಲ್‌ನದೇ ಕಹಾನ್ ತನಿಖಾ ಆಯೋಗ ಆಗಿನ ರಕ್ಷಣಾ ಸಚಿವ ಏರಿಯಲ್ ಶರೋನ್ ಮೇಲೆ ವೈಯಕ್ತಿಕ ಹೊಣೆ ಹೊರಿಸಿತು. ಒಟ್ಟಿನಲ್ಲಿ ಎರಡೂ ಕಡೆಯವರು ಬೈಯುತ್ತಿದ್ದರೂ ಸುದ್ದಿ ಒಂದು ಕಡೆ ವಾಲಿರಬಹುದು. ಎರಡೂ ಕಡೆಯ ಬೈಗುಳದಿಂದ ಚಾನೆಲ್ ಬಗ್ಗೆ ಏನೂ ತಿಳಿಯುವುದಿಲ್ಲ, ಬೈಯುವವರ ಬಗ್ಗೆ ಮಾತ್ರ ತಿಳಿಯುತ್ತದೆ.

ಇದರ ಇನ್ನೊಂದು ತುದಿಯೂ ಇದೆ. ಮಾಧ್ಯಮದ ಮೇಲಿನ ದೂರೆಲ್ಲ ಭ್ರಮೆ ಎಂದು ಈ ಸಂಶೋಧನೆ ಹೇಳುವುದಿಲ್ಲ. ಸ್ಪಷ್ಟವಾಗಿ ಒಂದು ಕಡೆ ವಾಲಿರುವ ಸುದ್ದಿ ಕೊಟ್ಟೂ ಪ್ರಯೋಗ ಮಾಡಿದ್ದಾರೆ. ಆಗ ಎರಡೂ ಕಡೆಯವರು ವಾಲಿರುವ ದಿಕ್ಕನ್ನು ಒಪ್ಪುತ್ತಾರೆ. ಎಷ್ಟು ವಾಲಿದೆ ಎಂಬುದರಲ್ಲಿ ಮಾತ್ರ ಜಗಳ. ಲಾಭ ಆದವರಿಗೆ "ಸ್ವಲ್ಪ ಅಷ್ಟೇ", ನಷ್ಟ ಆದವರಿಗೆ "ವಿಪರೀತ". ಅಪ್ಪ ಮತ್ತು ಮಾವ ಒಂದು ಚಾನೆಲ್ ಇಂಥ ಪಕ್ಷದ ಕಡೆಗಿದೆ ಎಂದು ಇಬ್ಬರೂ ಒಪ್ಪಿದರೆ ಆ ದಿಕ್ಕನ್ನು ನಂಬಬಹುದು. ಎಷ್ಟು ವಾಲಿದೆ ಎಂದು ಅವರು ಹೇಳುವುದನ್ನು ಮಾತ್ರ ನಂಬಬೇಡಿ.

ಪರಿಣಾಮವನ್ನು ಉಬ್ಬಿಸಿ ಹೇಳುವುದೂ ಬೇಡ. ಸ್ಟ್ಯಾನ್‌ಫರ್ಡ್‌ನವರೇ ಅದಕ್ಕೂ ಮುಂಚೆ, 1980ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಡೆದ ಕಾರ್ಟರ್–ರೇಗನ್ ಚುನಾವಣೆಯ ಹೊತ್ತಿಗೆ ಒಂದು ಸಣ್ಣ ಸಮೀಕ್ಷೆ ಮಾಡಿದ್ದರು. ಕೇಳಿದವರಲ್ಲಿ ಹೆಚ್ಚಿನವರು ಮಾಧ್ಯಮ ಸರಿಯಾಗೇ ನಡೆದುಕೊಂಡಿದೆ ಎಂದರು. ಪಕ್ಷಪಾತ ಇದೆ ಎಂದವರು ಸುಮಾರು ಮೂರರಲ್ಲಿ ಒಂದು ಪಾಲು. ಆದರೆ ಹಾಗೆ ಹೇಳಿದವರಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಜನ ಅದು ತಮ್ಮ ಅಭ್ಯರ್ಥಿಯ ವಿರುದ್ಧವೇ ಇದೆ ಎಂದರು. ಸುಮ್ಮನೆ ವೋಟು ಹಾಕುವವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಪಕ್ಷವನ್ನೋ ಗುಂಪನ್ನೋ ತಮ್ಮ ಗುರುತು ಎಂದು ಹಚ್ಚಿಕೊಂಡವರಿಗೆ ಜೋರಾಗಿ ತಟ್ಟುತ್ತದೆ.

ಹಾಗೆ ತಟ್ಟಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಇಸ್ರೇಲ್‌ನಲ್ಲೇ ಒಂದು ಅಧ್ಯಯನ ನಡೆಯಿತು. ಗಾಜಾದಲ್ಲಿದ್ದ ಯಹೂದಿ ನೆಲಸಿಗರನ್ನು 2005ರಲ್ಲಿ ಸರ್ಕಾರ ತೆರವು ಮಾಡಿಸಿತು. ಅದಕ್ಕೂ ಮುಂಚೆ ಯಾರಿವ್ ತ್ಸಫಾತಿ ಮತ್ತು ಜೋನಾಥನ್ ಕೋಹೆನ್ ಆ ನೆಲಸಿಗರನ್ನು ಮಾತನಾಡಿಸಿದರು. ಮಾಧ್ಯಮ ತಮಗೆ ಶತ್ರು ಎಂದು ಜಾಸ್ತಿ ಭಾವಿಸಿದವರಿಗೆ ಮಾಧ್ಯಮದ ಮೇಲೆ ನಂಬಿಕೆ ಕಡಿಮೆ ಇತ್ತು. ಆ ಅಪನಂಬಿಕೆ ಪ್ರಜಾಪ್ರಭುತ್ವದ ಮೇಲಿನ ಅಪನಂಬಿಕೆಗೂ, ತೆರವನ್ನು ಬಲಪ್ರಯೋಗದಿಂದ ಎದುರಿಸುವ ಮನಸ್ಸಿಗೂ ಗಂಟು ಹಾಕಿಕೊಂಡಿತ್ತು. ಇದು ಸಮೀಕ್ಷೆ, ಪ್ರಯೋಗವಲ್ಲ. ಆದ್ದರಿಂದ ಯಾವುದು ಕಾರಣ, ಯಾವುದು ಫಲ ಎಂದು ಅದರಿಂದ ಖಚಿತವಾಗಿ ಹೇಳಲಾಗದು.

ಮನೆಯಲ್ಲೇ ಪರೀಕ್ಷೆ ಮಾಡುವ ಆಸೆ ಇದ್ದರೆ ಒಂದು ದಾರಿ ಇದೆ. ಚಾನೆಲ್‌ನ ಒಂದು ವರದಿಯನ್ನು ಆರಿಸಿ, ಅದರ ಮಾತುಗಳನ್ನು ವಾಕ್ಯ ವಾಕ್ಯವಾಗಿ ಕಾಗದದ ಮೇಲೆ ಬರೆದುಕೊಳ್ಳಿ. ಅಪ್ಪನಿಗೊಂದು ಪ್ರತಿ, ಮಾವನಿಗೊಂದು ಪ್ರತಿ. ಒಬ್ಬರದನ್ನು ಇನ್ನೊಬ್ಬರು ನೋಡಬಾರದು. ಪ್ರತಿ ವಾಕ್ಯದ ಮುಂದೆ "ನಮ್ಮ ಪರ", "ಅವರ ಪರ", "ಯಾವುದೂ ಅಲ್ಲ" ಎಂದು ಗುರುತು ಹಾಕಲಿ. ಮೂರನೇ ಪ್ರತಿಯನ್ನು ಆ ಎರಡೂ ಪಕ್ಷದ ಗೊಡವೆ ಇಲ್ಲದ ಯಾರಿಗಾದರೂ ಕೊಡಿ. ಬೇರೆ ರಾಜ್ಯದಿಂದ ಬಂದು ಕನ್ನಡ ಕಲಿತ ಸ್ನೇಹಿತರಿದ್ದರೆ ಇನ್ನೂ ಒಳ್ಳೆಯದು. ಅಂಥವರು ಒಬ್ಬರಿಗಿಂತ ನಾಲ್ಕೈದು ಜನ ಸಿಕ್ಕರೆ ಉತ್ತಮ, ಒಬ್ಬರ ಕಣ್ಣನ್ನೇ ನಂಬುವುದು ಬೇಡ.

ಆಮೇಲೆ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಎರಡು ಸಂಗತಿ ನೋಡಿ. ಅಪ್ಪ ಮತ್ತು ಮಾವ ಇಬ್ಬರೂ "ಅವರ ಪರ" ಎಂದು ಗುರುತಿಸಿದ ವಾಕ್ಯಗಳು ಎಷ್ಟು? ಅವು ವಿಂಗಡಣೆಯ ಕೆಲಸ. ಒಂದೇ ವಾಕ್ಯ ಇಬ್ಬರಿಗೂ ಎದುರಾಳಿಯದಾಗಿ ಕಂಡಿದೆ ಎಂದರೆ ದೋಷ ವಾಕ್ಯದ್ದಲ್ಲ. ಇನ್ನು ಅಪ್ಪ, ಮಾವ, ಹೊರಗಿನವರು, ಎಲ್ಲರೂ ಒಂದೇ ಕಡೆಗೆ ಹಾಕಿದ ವಾಕ್ಯಗಳನ್ನು ಬೇರೆ ತೆಗೆಯಿರಿ. ಚಾನೆಲ್ ವಾಲಿರುವುದು ನಿಜವಾದರೆ ಅದರ ಗುರುತು ಈ ವಾಕ್ಯಗಳಲ್ಲಿ ಸಿಗುತ್ತದೆ.

ಇದಕ್ಕೂ ಒಂದು ಮಿತಿ ಇದೆ. ಕಾಗದದ ಮೇಲೆ ಬಂದಿರುವುದು ಹೇಳಿದ ಮಾತು ಮಾತ್ರ. ಚಾನೆಲ್ ಯಾವ ಸುದ್ದಿಯನ್ನು ಎತ್ತಿಕೊಳ್ಳಲೇ ಇಲ್ಲ, ಯಾವುದನ್ನು ವಾರಗಟ್ಟಲೆ ಎಳೆಯಿತು ಎಂಬುದು ಇದರಲ್ಲಿ ಕಾಣುವುದಿಲ್ಲ. ಅದಕ್ಕೆ ಒಂದು ವರದಿ ಸಾಲದು. ಒಂದೇ ಬಗೆಯ ಆರೋಪ ಎರಡೂ ಪಕ್ಷಗಳ ಮೇಲೆ ಬಂದಾಗ ಯಾವುದಕ್ಕೆ ಎಷ್ಟು ನಿಮಿಷ ಕೊಟ್ಟರು, ಯಾವುದನ್ನು ಮೊದಲು ಇಟ್ಟರು ಎಂದು ಕೆಲವು ತಿಂಗಳು ಬರೆದಿಟ್ಟುಕೊಳ್ಳಬೇಕಾಗುತ್ತದೆ. ಬರೆದಿಡುವ ಕೆಲಸವನ್ನು ಅಪ್ಪನಿಗೂ ಮಾವನಿಗೂ ಕೊಡಬೇಡಿ, ನೀವೇ ಮಾಡಿ. ಏನನ್ನು ಎಣಿಸಬೇಕು ಎಂಬುದನ್ನು ಮಾತ್ರ ಶುರು ಮಾಡುವ ಮೊದಲೇ ಅವರಿಬ್ಬರ ಹತ್ತಿರ ಒಪ್ಪಿಸಿಕೊಳ್ಳಿ. ಇಲ್ಲದಿದ್ದರೆ ಲೆಕ್ಕ ಕೈಗೆ ಬಂದ ದಿನ "ಎಣಿಸಿದ್ದೇ ತಪ್ಪು" ಎಂದು ಇಬ್ಬರೂ ಹೇಳುತ್ತಾರೆ.